ತಮ್ಮನಿಗೆ ಇಲ್ಲ ಎಂದ ದಿನ

ಮಂಗಳವಾರ ರಾತ್ರಿ ಒಂಬತ್ತರ ನಂತರ ನನ್ನ ಫೋನು ರಿಂಗಾದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದ ಒಂದು ಕಾಲವಿತ್ತು. ಪತ್ನಿ ತಟ್ಟೆ ತೊಳೆಯುವುದನ್ನು ನಿಲ್ಲಿಸುತ್ತಿದ್ದಳು. ಮಗಳು ನನ್ನ ಮುಖ ನೋಡುತ್ತಿದ್ದಳು. ನಾನು ಫೋನು ಹಿಡಿದು ಅಂಗಳಕ್ಕೆ ಹೋಗಿ, ಐದು ನಿಮಿಷ ಮಾತಾಡಿ ಒಳಗೆ ಬರುತ್ತಿದ್ದೆ. "ಎಷ್ಟಂತೆ?" ಎಂದು ಪತ್ನಿ ಕೇಳುತ್ತಿದ್ದಳು. ಯಾರು ಎಂದು ಕೇಳುತ್ತಿರಲಿಲ್ಲ.

ಅವನು ನನ್ನ ಖಾಲಾನ ಮಗ. ನನಗಿಂತ ಆರು ವರ್ಷ ಚಿಕ್ಕವನು. ಹೆಸರು ಇಲ್ಲಿ ಬೇಡ, ತಮ್ಮ ಎಂದೇ ಕರೆಯುತ್ತೇನೆ. ಭದ್ರಾವತಿಯಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ನಾನು ಶಿವಮೊಗ್ಗದಲ್ಲಿ ಮೇಷ್ಟ್ರು. ತಿಂಗಳಿಗೊಮ್ಮೆ ಸಂಬಳ ಬರುವವನು ಕುಟುಂಬದಲ್ಲಿ ನಾನೊಬ್ಬನೇ ಆದ್ದರಿಂದ ಕೇಳುವವರಿಗೆ ಮೊದಲು ನೆನಪಾಗುವುದು ನಾನೇ. ಅದು ತಪ್ಪೂ ಅಲ್ಲ.

ಇಲ್ಲ ಎನ್ನಲು ನನಗೆ ಏಕೆ ಕಷ್ಟವಾಗುತ್ತಿತ್ತು ಎಂಬುದನ್ನು ಮೊದಲು ಹೇಳಿಬಿಡಬೇಕು. ನಮ್ಮ ಹಳ್ಳಿಯಲ್ಲಿ ಹೈಸ್ಕೂಲಿನವರೆಗೆ ಮಾತ್ರ ಇತ್ತು. ಪಿಯುಸಿಯ ಎರಡು ವರ್ಷ ನಾನು ಖಾಲಾನ ಮನೆಯಲ್ಲಿದ್ದೆ. ಖಾಲು ಕಾಗದ ಕಾರ್ಖಾನೆಯಲ್ಲಿ ಕೂಲಿ ಕೆಲಸಕ್ಕಿದ್ದರು. ಎರಡು ಕೋಣೆಯ ಮನೆ, ಆರು ಜನ. ನನಗೆ ಓದಲು ಬೆಳಕು ಬೇಕೆಂದು ಈ ತಮ್ಮನನ್ನೂ ಅವನ ತಂಗಿಯನ್ನೂ ಖಾಲಾ ಅಡುಗೆ ಕೋಣೆಯಲ್ಲಿ ಮಲಗಿಸುತ್ತಿದ್ದರು. ಒಂದು ದಿನವೂ ಅದನ್ನು ಲೆಕ್ಕ ಹೇಳಿದವರಲ್ಲ. ಅಬ್ಬಾ ತೀರಿಕೊಂಡಾಗ ಖಬರ್‌ಸ್ತಾನಕ್ಕೆ ಓಡಾಡಿದವನು, ಸಂದೂಕಿಗೆ ಮೊದಲು ಹೆಗಲು ಕೊಟ್ಟವನು ಇದೇ ತಮ್ಮ. ಇಂಥವನು "ಭಾಯಿ, ಒಂದು ಆರು ಸಾವಿರ ಆಗುತ್ತಾ?" ಎಂದಾಗ ಬಾಯಿಂದ ಇಲ್ಲ ಎಂಬ ಮಾತು ಹೊರಡುವುದಾದರೂ ಹೇಗೆ?

2019ರಲ್ಲಿ ಆಟೋದ ಬ್ಯಾಟರಿಗೆಂದು 5,000 ಕೇಳಿದ. ಕೊಟ್ಟೆ. ಎರಡು ತಿಂಗಳಲ್ಲಿ ಪೂರ್ತಿ ತಂದುಕೊಟ್ಟ. 2020ರ ಲಾಕ್‌ಡೌನಿನಲ್ಲಿ ಗಾಡಿ ನಿಂತಿತು. 10,000 ಕೊಟ್ಟೆ, 4,000 ಬಂತು. ಮರುವರ್ಷ ಮಗಳ ಶಾಲೆಯ ಫೀಸಿಗೆಂದು 15,000. ಆಮೇಲೆ 8,000, 6,000, 3,000, 2,000. ನಡುವೆ ಒಂದು ಸಲ 2,000 ಹಿಂದಿರುಗಿಸಿದ. ಒಟ್ಟು ಕೊಟ್ಟದ್ದು 49,000, ಬಂದದ್ದು 11,000, ಬಾಕಿ 38,000. ಈ ಲೆಕ್ಕವನ್ನು ನಾನು ಮಾಡಿದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನನಗೆ ಇದ್ದದ್ದು ಲೆಕ್ಕವಲ್ಲ, ಬರೀ ಸಿಟ್ಟು.

ಸಿಟ್ಟಿನಲ್ಲಿ ಮನುಷ್ಯ ಇಲ್ಲ ಎನ್ನುವ ರೀತಿಯೇ ಬೇರೆ. ನಾನು ಮೂರು ದಾರಿ ಹಿಡಿದೆ, ಮೂರೂ ಕೆಟ್ಟವು.

ಮೊದಲನೆಯದು ಫೋನು ಎತ್ತದಿರುವುದು. ಆಗ ಅವನು ಅಮ್ಮನಿಗೆ ಫೋನು ಮಾಡುತ್ತಿದ್ದ. ಅಮ್ಮ ನನಗೆ ಮಾಡುತ್ತಿದ್ದರು. ಒಬ್ಬನ ಬದಲು ಇಬ್ಬರಿಗೆ ಉತ್ತರ ಹೇಳಬೇಕಾಗುತ್ತಿತ್ತು. ಎರಡನೆಯದು, "ಮುಂದಿನ ತಿಂಗಳು ನೋಡೋಣ" ಎನ್ನುವುದು. ನನ್ನ ಮನಸ್ಸಿನಲ್ಲಿ ಅದು ಇಲ್ಲ ಎಂಬುದರ ನಯವಾದ ರೂಪ. ಅವನ ಕಿವಿಯಲ್ಲಿ ಅದು ಭರವಸೆ. ಅದನ್ನು ನಂಬಿ ಅವನು ಇನ್ನೊಬ್ಬರಿಗೆ ಗಡುವು ಕೊಡುತ್ತಿದ್ದ. ತಿಂಗಳು ಕಳೆದು ನಾನು ಕೈಯೆತ್ತಿದಾಗ ಅವನು ಅಲ್ಲಿ ಸುಳ್ಳನಾಗುತ್ತಿದ್ದ. ಅಂದರೆ ನನ್ನ ದಾಕ್ಷಿಣ್ಯದ ದಂಡವನ್ನು ಅವನು ತೆರುತ್ತಿದ್ದ.

ಮೂರನೆಯದು ಸುಳ್ಳು. ಒಮ್ಮೆ "ಈ ತಿಂಗಳು ಸಂಬಳವೇ ಆಗಿಲ್ಲ ಕಣೋ" ಎಂದುಬಿಟ್ಟೆ. ಆ ಭಾನುವಾರ ಅವನು ಶಿವಮೊಗ್ಗಕ್ಕೆ ಬಾಡಿಗೆಗೆ ಬಂದವನು ಮನೆಗೂ ಬಂದ. ಹಿಂದಿನ ದಿನವಷ್ಟೇ ತಂದ ಹೊಸ ಫ್ರಿಜ್ಜು ನಡುಮನೆಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ನಿಂತಿತ್ತು. ಮಗಳು ಅದರಿಂದಲೇ ನೀರು ತಂದುಕೊಟ್ಟಳು. ಅವನು ಕುಡಿದು, ಲೋಟ ಕೆಳಗಿಟ್ಟು, "ನೀರು ತಣ್ಣಗಿದೆ ಭಾಯಿ" ಎಂದ. ಬೇರೇನೂ ಹೇಳಲಿಲ್ಲ. ಆ ನಾಲ್ಕು ಮಾತು ನನ್ನನ್ನು ಬಹಳ ದಿನ ಕಾಡಿತು. ಹಣ ಕೊಡದಿದ್ದುದು ಅವನಿಗೆ ನೋವಾಗಿರಲಿಲ್ಲ. ನಾನು ಅವನನ್ನು ಸುಳ್ಳು ಹೇಳಿ ಸಾಗಹಾಕುವವರ ಸಾಲಿಗೆ ಸೇರಿಸಿದ್ದು ನೋವಾಗಿತ್ತು.

ಸಾಲದಲ್ಲಿ ಮುಳುಗಿದವನು ಮಾತಾಡಿದರೆ ಸುಳ್ಳಾಡುತ್ತಾನೆ, ವಾಗ್ದಾನ ಮಾಡಿದರೆ ಮುರಿಯುತ್ತಾನೆ ಎಂಬ ಅರ್ಥದ ಪ್ರವಾದಿ ವಚನವನ್ನು ನಾವು ಕೇಳಿದ್ದೇವೆ. ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದ ಹೊರೆಯಿಂದ ಅಲ್ಲಾಹನ ಅಭಯ ಬೇಡುತ್ತಿದ್ದುದಕ್ಕೆ ಅವರೇ ಕೊಟ್ಟ ಕಾರಣ ಅದು. ಆದರೆ ಸಾಲ ಕೊಡುವವನೂ ಅದೇ ಕಾಯಿಲೆಗೆ ಬೀಳುತ್ತಾನೆ ಎಂಬುದು ನನಗೆ ಗೊತ್ತಾದದ್ದು ಆ ಫ್ರಿಜ್ಜಿನ ಮುಂದೆ.

ಅವತ್ತು ರಾತ್ರಿ ಕುಳಿತು ಲೆಕ್ಕ ಬರೆದೆ. ಹೆಚ್ಚಿನ ಹಣವನ್ನು ಫೋನಿನ ಮೂಲಕವೇ ಕಳಿಸಿದ್ದರಿಂದ ದಿನಾಂಕಗಳೆಲ್ಲ ಸಿಕ್ಕವು. ಪತ್ನಿ ಪಕ್ಕದಲ್ಲಿ ಕುಳಿತು ಕ್ಯಾಲೆಂಡರು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ, "ಇದು ನೋಡಿ, ಎಲ್ಲಾ ಮಂಗಳವಾರ ಇಲ್ಲಾಂದ್ರೆ ಗುರುವಾರ" ಎಂದಳು. ನಿಜ. ಶಾಲೆ ಫೀಸಿಗೆಂದ ಹಣ ಮಂಗಳವಾರ ರಾತ್ರಿ. ಔಷಧಿಗೆಂದದ್ದು ಗುರುವಾರ. ಟೈರಿಗೆಂದದ್ದು ಮತ್ತೆ ಮಂಗಳವಾರ. ಕಾಯಿಲೆಯೂ ಟೈರೂ ವಾರ ನೋಡಿ ಕೆಡುವುದಿಲ್ಲ. ವಾರ ನೋಡಿ ಬರುವುದು ಒಂದೇ, ಸಂಘದ ಕಂತು. ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ ಅವರ ಓಣಿಯಲ್ಲಿ ಮೈಕ್ರೋ ಫೈನಾನ್ಸಿನವರು ಮಹಿಳೆಯರನ್ನು ಕೂರಿಸಿಕೊಂಡು ಕಂತು ಕಟ್ಟಿಸಿಕೊಳ್ಳುತ್ತಾರೆ. ಹಿಂದಿನ ರಾತ್ರಿ ನನಗೆ ಫೋನು.

ನಿಮಗೂ ಇಂಥ ಒಬ್ಬ ತಮ್ಮನಿದ್ದರೆ, ಅವನು ಹೇಳುವ ಕಾರಣಕ್ಕಿಂತ ಕೇಳುವ ದಿನವನ್ನು ಗಮನಿಸಿ. ವಾರದ ಒಂದೇ ದಿನವಾದರೆ ಕಂತು. ತಿಂಗಳ ಒಂದೇ ತಾರೀಖಾದರೆ ಗಾಡಿಯ ಸಾಲವೋ ಬಡ್ಡಿಯವನ ಗಡುವೋ ಇರಬೇಕು. ನಡುರಾತ್ರಿಯಲ್ಲಿ, ಈಗಿಂದೀಗಲೇ ಬೇಕೆಂದು, ಯಾವ ಬಿಲ್ಲೂ ರಸೀದಿಯೂ ತೋರಿಸಲಾಗದ ಕೋರಿಕೆ ಬಂದರೆ ಮೊಬೈಲಿನ ಜೂಜಿರಬಹುದು. ಅದರ ದಾರಿಯೇ ಬೇರೆ, ಅಲ್ಲಿ ಹಣ ಕೊಡುವುದೇ ಹಾನಿ. ನನ್ನ ತಮ್ಮನದು ಅದಾಗಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಮುಂದಿನ ಭಾನುವಾರ ಭದ್ರಾವತಿಗೆ ಹೋದೆ. ಫೋನಿನಲ್ಲಿ ಈ ಮಾತು ಆಗುವಂಥದ್ದಲ್ಲ. ಅವನು ಹಣ ಕೇಳಿರುವ ದಿನ ಆಡುವ ಮಾತೂ ಅಲ್ಲ. ಕೇಳಿದವನ ಎದೆ ಆಗ ಹೊಡೆದುಕೊಳ್ಳುತ್ತಿರುತ್ತದೆ, ಏನು ಹೇಳಿದರೂ ಅವನಿಗೆ ಕೊಡುತ್ತಾನೋ ಇಲ್ಲವೋ ಎಂಬುದೊಂದೇ ಕೇಳಿಸುತ್ತದೆ. ಅವನ ಮನೆಯಲ್ಲಿ, ಚಾಪೆಯ ಮೇಲೆ, ಅವನ ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡಿದೆ. ಸಂಘದ ಸಾಲ ಅವಳ ಹೆಸರಿನಲ್ಲಿದ್ದರಿಂದ ಅವಳಿಲ್ಲದೆ ಲೆಕ್ಕ ಮುಗಿಯುತ್ತಿರಲಿಲ್ಲ.

ಮೊದಲು ನನ್ನ ಸುಳ್ಳಿಗೆ ಕ್ಷಮೆ ಕೇಳಿದೆ. "ಸಂಬಳ ಆಗಿತ್ತು. ನಿನಗೆ ಇಲ್ಲ ಎನ್ನಲು ಧೈರ್ಯ ಸಾಲದೆ ಹಾಗೆ ಹೇಳಿದೆ" ಎಂದೆ. ಅವನು ತಲೆ ತಗ್ಗಿಸಿ, "ನಾನು ಫೀಸಿಗೆ ಅಂತ ಹೇಳಿದ್ದೂ ಸುಳ್ಳೇ ಭಾಯಿ" ಎಂದ. ಆಮೇಲೆ ಮಾತು ಸಲೀಸಾಯಿತು.

ಅವನ ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆದೆವು. ಆಟೋದ ಫೈನಾನ್ಸ್ ಕಂತು ತಿಂಗಳಿಗೆ 7,800. ಎರಡು ಸಂಘಗಳಿಗೆ ವಾರಕ್ಕೆ 900 ಮತ್ತು 750, ತಿಂಗಳಿಗೆ 6,600. ಇವೆರಡೇ ಎಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದು ಅವನ ಹೆಂಡತಿ, "ಅದನ್ನೂ ಹೇಳಿ" ಎಂದಳು. ಮೀಟರ್ ಬಡ್ಡಿಯವನೊಬ್ಬನಿಂದ 20,000 ತಂದಿದ್ದ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ. ಬಡ್ಡಿಯೇ 2,000, ಅಸಲು ಹಾಗೇ ನಿಂತಿತ್ತು. ಅವನ ಬಳಿ ಸಹಿ ಮಾಡಿದ ಖಾಲಿ ಚೆಕ್ ಒಂದಿತ್ತು. ಒಟ್ಟು ತಿಂಗಳಿಗೆ 16,400. ಡೀಸೆಲ್ ಕಳೆದು ಒಳ್ಳೆಯ ತಿಂಗಳಿನಲ್ಲಿ ಅವನ ಕೈಗೆ ಉಳಿಯುವುದು 20,000. ಮನೆ ಬಾಡಿಗೆ 3,500. ಉಳಿದದ್ದು ನೂರು ರೂಪಾಯಿ. ಅದರಲ್ಲಿ ನಾಲ್ಕು ಜನ ಊಟ ಮಾಡಬೇಕು.

ನಾನು ಆ ನೂರನ್ನು ನೋಡುತ್ತಾ ಕುಳಿತೆ. ಇಷ್ಟು ವರ್ಷ ನಾನು ಕೊಟ್ಟ ಹಣ ಆ ಮನೆಯ ಒಲೆಗೆ ಹೋಗಿರಲೇ ಇಲ್ಲ. ಒಬ್ಬ ಸಾಲಗಾರನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಿತ್ತು. ಬಾಗಿಲಿಗೆ ಬಂದು ಕೂಗುವವನ ಸಾಲ ತೀರಿ, ಕೂಗದವನ ಸಾಲ ಬೆಳೆದಿತ್ತು. ಆ ಕೂಗದವನು ನಾನು. ನಾನು ಕೊಟ್ಟ 6,000 ಮೂರೂವರೆ ವಾರದ ಸಂಘದ ಕಂತಿಗೆ ಸಾಲುತ್ತಿತ್ತು, ನಾಲ್ಕನೇ ವಾರ ಮತ್ತೆ ಫೋನು. ಅವನು ಮೋಸಗಾರನಾಗಿರಲಿಲ್ಲ. ನಾನು ಉದಾರಿಯೂ ಆಗಿರಲಿಲ್ಲ. ಮೀಟರ್ ಬಡ್ಡಿಯವನಿಗೆ ತಿಂಗಳು ತಿಂಗಳು ಹಣ ತಲುಪುವಂತೆ ನೋಡಿಕೊಳ್ಳುವ ಕೆಲಸವನ್ನು ನಾವಿಬ್ಬರೂ ಸೇರಿ ಮಾಡುತ್ತಿದ್ದೆವು.

ಅವತ್ತು ನಾನು ಹೇಳಿದ್ದು ಇಷ್ಟು: "ಇನ್ನು ಮೇಲೆ ನಾನು ನಿನಗೆ ಸಾಲ ಕೊಡುವುದಿಲ್ಲ. ಇವತ್ತು ಇಲ್ಲ, ಮುಂದೆಯೂ ಇಲ್ಲ. ನನ್ನ ಹತ್ತಿರ ಹಣ ಇದ್ದಾಗಲೂ ಇಲ್ಲ. ನೀನು ಕೇಳಿದರೆ ನಾನು ಇಲ್ಲ ಎನ್ನುತ್ತೇನೆ, ಅದಕ್ಕೆ ನೀನು ಬೇಸರ ಮಾಡಿಕೊಳ್ಳಬೇಡ, ನಾನೂ ನೀನು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ."

"ಹಣ ಇದ್ದಾಗಲೂ ಇಲ್ಲ" ಎಂಬ ಮಾತು ಕಠಿಣವಾಗಿ ಕೇಳಿಸಬಹುದು. ಆದರೆ ಅದೇ ಮುಖ್ಯ. ಹಣವಿಲ್ಲ ಎಂಬ ಕಾರಣ ಕೊಟ್ಟರೆ ಹಣ ಬಂದ ದಿನ ಕಾರಣ ಸತ್ತುಹೋಗುತ್ತದೆ. ನಮ್ಮ ಮನೆಯಲ್ಲಿ ಒಂದು ಹೊಸ ಕುರ್ಚಿ ಬಂದರೂ ಅದು ಸಂಬಂಧಕ್ಕೆ ಏಟು. ಕಾರಣವೇ ಬೇಡ, ತೀರ್ಮಾನ ಸಾಕು ಎಂದಾಗ ನಾನು ಅವನ ಮುಂದೆ ಬಡವನ ವೇಷ ಹಾಕಬೇಕಾಗಲಿಲ್ಲ.

ಇನ್ನು ಹಳೆಯ 38,000. ಪೂರ್ತಿ ಬಿಟ್ಟುಬಿಡಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬುದು ಅಲ್‌ಬಖರ ಅಧ್ಯಾಯದ 280ನೇ ಸೂಕ್ತದ ಆಶಯ. ಆದರೆ ಅವನೇ ಒಪ್ಪಲಿಲ್ಲ. "ಪೂರ್ತಿ ಬಿಡಬೇಡಿ ಭಾಯಿ. ಆಮೇಲೆ ನಿಮ್ಮ ಮನೆಗೆ ನಾನು ತಲೆ ಎತ್ತಿ ಬರೋದು ಹೇಗೆ?" ಎಂದ. 20,000 ಬಿಟ್ಟೆ, 18,000 ಉಳಿಸಿಕೊಂಡೆವು. ತಿಂಗಳಿಗೆ 1,000ದಂತೆ. ಎರಡು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು, ಅವನ ಹೆಂಡತಿಯೂ ಓಣಿಯ ಒಬ್ಬ ಹಿರಿಯರೂ ಸಾಕ್ಷಿಯಾದರು. ಅದರ ಬೆನ್ನಿಗೇ ಬರುವ 282ನೇ ಸೂಕ್ತ, ಕುರ್‌ಆನಿನ ಅತಿ ದೀರ್ಘ ಸೂಕ್ತ, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬ ಆದೇಶ ಅದರಲ್ಲಿದೆ. ನಾವು ಅದನ್ನು ಎಷ್ಟೋ ಸಲ ಪಾರಾಯಣ ಮಾಡುತ್ತೇವೆ, ಆದರೆ ತಮ್ಮನಿಂದ ಬರೆಸಿಕೊಳ್ಳುವುದನ್ನು ಅವಮಾನ ಎಂದುಕೊಳ್ಳುತ್ತೇವೆ. ಬರೆಯದೇ ಇದ್ದುದರಿಂದಲೇ ನನ್ನ ತಲೆಯಲ್ಲಿ ಬಾಕಿ ಅರವತ್ತು ಸಾವಿರವಾಗಿತ್ತು, ಅವನ ತಲೆಯಲ್ಲಿ ಇಪ್ಪತ್ತಾಗಿತ್ತು. ಇಬ್ಬರೂ ಪ್ರಾಮಾಣಿಕರೇ. ಆದರೂ ಒಂದು ದಿನ ಜಗಳ ಖಂಡಿತವಾಗಿತ್ತು.

ಒಂದು ಆಸೆ ನನಗೆ ಹುಟ್ಟಿದ್ದನ್ನೂ ಹೇಳಬೇಕು. ಬಿಟ್ಟ ಆ 20,000ವನ್ನು ಆ ವರ್ಷದ ನನ್ನ ಝಕಾತ್ ಲೆಕ್ಕಕ್ಕೆ ಹಾಕಿಕೊಳ್ಳಬಹುದಲ್ಲ ಎಂದುಕೊಂಡೆ. ನಮ್ಮ ಮಸೀದಿಯ ಖತೀಬರನ್ನು ಕೇಳಿದೆ. ಅವರು ನಕ್ಕು, "ಬಾರದ ಹಣವನ್ನು ಅಲ್ಲಾಹನಿಗೆ ಕೊಡುತ್ತೀರಾ?" ಎಂದರು. ಬಾಕಿ ಸಾಲವನ್ನು ವಜಾ ಮಾಡಿ ಅದನ್ನೇ ಝಕಾತ್ ಎನ್ನುವುದನ್ನು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ, ಝಕಾತ್ ಅರ್ಹನ ಕೈಗೆ ಅವನ ಸ್ವತ್ತಾಗಿ ಸೇರಬೇಕು ಎಂದು ವಿವರಿಸಿದರು. ಅದನ್ನು ನನಗೇ ತಿರುಗಿ ಕೊಡು ಎಂಬ ಷರತ್ತು ಹಾಕಿಯೂ ಕೊಡುವಂತಿಲ್ಲ. ಆದರೆ ಅವರೇ ಇನ್ನೊಂದು ದಾರಿ ತೋರಿಸಿದರು. ಹೆತ್ತವರಿಗೆ, ಮಕ್ಕಳಿಗೆ ನಮ್ಮ ಝಕಾತ್ ಕೊಡುವಂತಿಲ್ಲ. ಖಾಲಾನ ಮಗನಿಗೆ ಕೊಡಬಹುದು. ಝಕಾತಿನ ಎಂಟು ವಿಭಾಗಗಳಲ್ಲಿ ಸಾಲದಲ್ಲಿ ಸಿಲುಕಿದವರದ್ದೂ ಒಂದು. ಬಂಧುವಿಗೆ ಕೊಟ್ಟರೆ ದಾನದ ಜೊತೆ ಸಂಬಂಧ ಬೆಸೆದ ಪುಣ್ಯವೂ ಇದೆ.

ಆ ರಮಝಾನಿನಲ್ಲಿ ನನ್ನ ಝಕಾತಿನ 8,000 ಅವನಿಗೆ ಕೊಟ್ಟೆ. ಅವನ ಜಮಾಅತ್‌ನವರು ವಿಚಾರಿಸಿ 12,000 ಕೊಟ್ಟರು. ಮೀಟರ್ ಬಡ್ಡಿಯ ಅಸಲು ಅಷ್ಟೇ ಇತ್ತಲ್ಲ! ಹಣ ಅವನ ಕೈಯಲ್ಲೇ ಇತ್ತು, ಕೊಟ್ಟವನೂ ಅವನೇ. ನಾನು ಮತ್ತು ಆ ಹಿರಿಯರು ಜೊತೆಗೆ ಹೋಗಿದ್ದೆವು, ಖಾಲಿ ಚೆಕ್ ವಾಪಸು ಪಡೆಯಲು. ಅದನ್ನು ಅವನು ಅಲ್ಲೇ ಬಾಗಿಲಲ್ಲಿ ನಿಂತು ನಾಲ್ಕು ತುಂಡು ಮಾಡಿದ. ತಿಂಗಳಿಗೆ 2,000 ಉಳಿಯಿತು. ಅದೇ ಹಣದಿಂದ ನನ್ನ 1,000 ಬರತೊಡಗಿತು. ಸಾಲ ಎಂದು ನಾನು ಅದೇ 20,000 ಕೊಟ್ಟಿದ್ದರೆ ಬಾಕಿ 58,000 ಆಗುತ್ತಿತ್ತು, ಅವನು ನನ್ನ ಕಣ್ಣಿಗೆ ಬೀಳದಂತೆ ತಿರುಗುತ್ತಿದ್ದ.

ಎಲ್ಲರಿಗೂ ಝಕಾತ್ ಕೊಡುವಷ್ಟು ಇರುವುದಿಲ್ಲ, ಎಲ್ಲ ಜಮಾಅತ್‌ಗಳಲ್ಲೂ ಇಂಥ ವ್ಯವಸ್ಥೆ ಇಲ್ಲ. ಕೆಲವು ಊರುಗಳಲ್ಲಿ ಚಿನ್ನ ಅಡವಿಟ್ಟುಕೊಂಡು ಬಡ್ಡಿಯಿಲ್ಲದೆ ಸಾಲ ಕೊಡುವ ಸೊಸೈಟಿಗಳಿವೆ, ಅಲ್ಲಿ ಕೇಳಬಹುದು. ಬಡ್ಡಿಯವನು ಹೆದರಿಸುತ್ತಿದ್ದರೆ ಸಾಲ ಕೊಟ್ಟು ಕಾಪಾಡುವುದಕ್ಕಿಂತ ಜೊತೆಗೆ ಪೊಲೀಸ್ ಠಾಣೆಗೆ ಹೋಗುವುದು ಮೇಲು. ಸಾಲ ವಸೂಲಿಗೆ ಬಲವಂತ, ಕಿರುಕುಳ ಮಾಡುವುದರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ಹೇಳುವುದಿಷ್ಟೇ, ನಮ್ಮ ಇಲ್ಲ ಎಂಬುದರ ಪಕ್ಕದಲ್ಲಿ ನಾವು ನಿಜವಾಗಿ ಮಾಡಬಲ್ಲ ಒಂದು ಕೆಲಸ ಇರಬೇಕು. ಬರೀ ಉಪದೇಶ ಇದ್ದರೆ ಅದು ಗಾಯಕ್ಕೆ ಉಪ್ಪು.

ಭದ್ರಾವತಿಯಿಂದ ಬಂದ ದಿನವೇ ಅಮ್ಮನಿಗೆ ನಾನೇ ಹೇಳಿದೆ. ಬೇರೆಯವರಿಂದ ಕೇಳಿದರೆ ಅದರ ರೂಪ ಬೇರೆಯಾಗುತ್ತದೆ. ಅವನ ಸಾಲದ ವಿವರ ಹೇಳಲಿಲ್ಲ, ಅದು ಅವನ ಮರ್ಯಾದೆ. "ಇನ್ನು ನಾನು ಅವನಿಗೆ ಸಾಲ ಕೊಡುವುದಿಲ್ಲ ಎಂದಿದ್ದೇನೆ" ಎಂದಷ್ಟೇ ಹೇಳಿದೆ. ಅಮ್ಮನ ಕಣ್ಣು ತುಂಬಿತು. "ಎರಡು ವರ್ಷ ನಿನ್ನ ಖಾಲಾ ನಿನಗೆ ಊಟ ಹಾಕಿದಳು. ಮರೆತೆಯಾ?" ಎಂದರು.

ಮರೆತಿರಲಿಲ್ಲ. ಆ ಋಣವೇ ನನ್ನನ್ನು ಇಷ್ಟು ದಿನ ಕಟ್ಟಿಹಾಕಿದ್ದು. ಆದರೆ ಅವತ್ತು ಯೋಚಿಸಿದಾಗ ಹೊಳೆಯಿತು, ಊಟ ಹಾಕಿದ್ದು ಖಾಲಾ, ನಾನು ಕಂತು ಕಟ್ಟುತ್ತಿರುವುದು ಯಾವುದೋ ಫೈನಾನ್ಸಿಗೆ. ಅನ್ನದ ಋಣ ಅನ್ನ ಹಾಕಿದವರಿಗೆ ಮುಟ್ಟುತ್ತಲೇ ಇಲ್ಲ! ಖಾಲಾನಿಗೆ ಸಕ್ಕರೆ ಕಾಯಿಲೆ, ಬಿಪಿ. ತಿಂಗಳಿಗೆ ಸುಮಾರು 1,200 ರೂಪಾಯಿಯ ಮಾತ್ರೆ. ದುಡ್ಡಿಲ್ಲದ ತಿಂಗಳು ಅರ್ಧ ಮಾತ್ರೆ ನುಂಗುತ್ತಿದ್ದರಂತೆ. ಅಂದಿನಿಂದ ಮಾತ್ರೆ ನನ್ನದು. ಹಣ ಕಳಿಸುವುದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಶಿವಮೊಗ್ಗದಲ್ಲಿ ಕೊಂಡು ನಾನೇ ತೆಗೆದುಕೊಂಡು ಹೋಗುತ್ತೇನೆ. ಇದು ಸಾಲವಲ್ಲ, ಬಾಕಿಯ ಹಾಳೆಯಲ್ಲಿ ಬರೆಯುವುದಿಲ್ಲ. ಇದರಿಂದ ನನಗೆ ತಿಳಿಯದೆಯೇ ಇನ್ನೊಂದು ಕೆಲಸವಾಯಿತು. ಹಣದ ಮಾತಿಲ್ಲದೆ ಆ ಮನೆಗೆ ಹೋಗಲು ತಿಂಗಳಿಗೊಂದು ಕಾರಣ ಸಿಕ್ಕಿತು. ಇಲ್ಲ ಎಂದವನು ಮೊದಲು ಕಳೆದುಕೊಳ್ಳುವುದೇ ಆ ಕಾರಣವನ್ನು.

ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಎರಡು ತಿಂಗಳಿಗೆ ಫೋನು ಬಂತು. "ಭಾಯಿ, ಮೂರು ಸಾವಿರ. ಇದೊಂದು ಸಲ." ನಾನು, "ಸಾಲ ಆಗುವುದಿಲ್ಲ ಕಣೋ" ಎಂದೆ. ಅವನು ಸುಮ್ಮನಿದ್ದ. ಆ ಮೌನವನ್ನು ತುಂಬಲು ನನ್ನ ನಾಲಿಗೆ ತುರಿಸುತ್ತಿತ್ತು. ಮಗಳ ಫೀಸು, ಮನೆಯ ರಿಪೇರಿ, ಎಲ್ಲವನ್ನೂ ಹೇಳಿಬಿಡೋಣ ಎನ್ನಿಸಿತು. ಹೇಳಲಿಲ್ಲ. ಒಂದೊಂದು ಕಾರಣ ಹೇಳಿದಾಗಲೂ ಅದಕ್ಕೊಂದು ಪರಿಹಾರ ಅವನು ಹೇಳಬಲ್ಲ, ಆಗ ಅದು ಚೌಕಾಸಿಯಾಗುತ್ತದೆ. "ಆಯ್ತು ಭಾಯಿ" ಎಂದು ಇಟ್ಟುಬಿಟ್ಟ. ಮರುದಿನ ಸಂಜೆ ನಾನೇ ಫೋನು ಮಾಡಿ ಖಾಲಾನ ಸಕ್ಕರೆ ಎಷ್ಟಿದೆ ಎಂದು ಕೇಳಿದೆ. ಅವನ ದನಿ ಮೊದಲು ಬಿಗಿಯಾಗಿತ್ತು, ಆಮೇಲೆ ಸಡಿಲವಾಯಿತು. ಇಲ್ಲ ಎಂದ ಮರುದಿನದ ಆ ಫೋನು ಬಹಳ ಮುಖ್ಯ. ಅದು ಬರದಿದ್ದರೆ ಅವನು ನಿನ್ನೆಯ ಮಾತನ್ನೇ ಕೊನೆಯ ಮಾತೆಂದು ಇಟ್ಟುಕೊಳ್ಳುತ್ತಾನೆ.

ಬಂಧುಗಳಿಗೂ ಬಡವರಿಗೂ ಅವರ ಹಕ್ಕು ಕೊಡಬೇಕೆಂದು ಹೇಳುವ ಬನೀ ಇಸ್ರಾಈಲ್ ಅಧ್ಯಾಯದಲ್ಲೇ, ಕೊಡಲಾಗದೆ ಮುಖ ತಿರುಗಿಸಬೇಕಾಗಿ ಬಂದರೆ ಮೃದುವಾಗಿ ಮಾತಾಡಬೇಕು ಎಂಬ ಬೋಧನೆಯಿದೆ. ಅದರ ಮುಂದಿನ ಸೂಕ್ತದಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಲೂ ಬಾರದು, ಪೂರ್ತಿ ಚಾಚಿ ಬರಿಗೈಯಾಗಿ ಕೂರಲೂ ಬಾರದು ಎಂದಿದೆ. ಕೊಡುವುದರ ಬಗ್ಗೆ ಖುತ್ಬಾ ಬಹಳ ಕೇಳಿದ್ದೇನೆ. ಕೊಡದಿರುವಾಗ ಹೇಗೆ ಮಾತಾಡಬೇಕು ಎಂಬುದಕ್ಕೂ ಒಂದು ಸೂಕ್ತವಿದೆ ಎಂಬುದನ್ನು ನಾನು ಗಮನಿಸಿದ್ದು ಈ ಪ್ರಸಂಗದ ನಂತರ.

ದೊಡ್ಡ ಪರೀಕ್ಷೆ ಬಂದದ್ದು ಬೇರೆ ವೇಷದಲ್ಲಿ. ಒಂದು ಪತ್ತಿನ ಸಂಘದಲ್ಲಿ ಒಂದೂವರೆ ಲಕ್ಷ ಸಾಲ ಸಿಗುತ್ತದೆ, ಸಂಬಳದವರೊಬ್ಬರ ಜಾಮೀನು ಬೇಕು ಎಂದು ಬಂದ. "ನೀವು ಹಣ ಕೊಡೋದು ಬೇಡ ಭಾಯಿ, ಬರೀ ಸಹಿ" ಎಂದ. ನಮ್ಮಲ್ಲಿ ಅನೇಕರು ಮೋಸಹೋಗುವುದು ಈ ಬರೀ ಸಹಿಗೆ. ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವನು ಕಟ್ಟದಿದ್ದರೆ ಮೊದಲು ಅವನ ಮೇಲೆ ದಾವೆ ಹೂಡಿ ಸೋತು ಆಮೇಲೆ ನನ್ನ ಬಳಿಗೆ ಬರಬೇಕೆಂದೇನೂ ಇಲ್ಲ, ನೇರವಾಗಿ ನನ್ನನ್ನೇ ಹಿಡಿಯಬಹುದು. ಅಂದರೆ ಮೂರು ಸಾವಿರ ಕೊಡೆನೆಂದವನು ಒಂದೂವರೆ ಲಕ್ಷ ಕೊಟ್ಟಂತೆ, ಅದೂ ಬಡ್ಡಿಯ ವ್ಯವಹಾರದಲ್ಲಿ. ಹೆಂಡತಿಯ ಬಳೆಯನ್ನು ಗಿರವಿಗೆ ಕೊಡು ಎನ್ನುವುದೂ, ನಿನ್ನ ಹೆಸರಿನಲ್ಲಿ ಮೊಬೈಲು ಕಂತಿನ ಮೇಲೆ ಕೊಡಿಸು ಎನ್ನುವುದೂ ಇದರ ಅಣ್ಣತಮ್ಮಂದಿರೇ.

ಇಲ್ಲ ಎಂದೆ. ಈ ಸಲ ಅವನಿಗೆ ಸಿಟ್ಟು ಬಂತು. "ಸಹಿ ಹಾಕೋಕೂ ನಿಮಗೆ ಕೈ ಬರಲ್ಲ ಅಂದ್ರೆ ಏನು ಭಾಯಿ ನಮ್ಮ ಸಂಬಂಧ?" ಎಂದು ಚಹಾ ಕುಡಿಯದೆ ಎದ್ದುಹೋದ. ನಾಲ್ಕು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಈದುಲ್ ಫಿತ್ರ್‌ಗೂ ಬರಲಿಲ್ಲ. ಮೊದಲ ಭಾನುವಾರ ನಾನು ಮಾತ್ರೆ ಹಿಡಿದು ಹೋದರೆ ಆಟೋ ಮನೆಯ ಮುಂದೆಯೇ ಇರುತ್ತಿತ್ತು, ಅವನು ಇರುತ್ತಿರಲಿಲ್ಲ. ಖಾಲಾ ಏನೂ ಕೇಳುತ್ತಿರಲಿಲ್ಲ, ಚಹಾ ಕೊಡುತ್ತಿದ್ದರು. ನಾನೂ ಅವನ ಬಗ್ಗೆ ಕೇಳುತ್ತಿರಲಿಲ್ಲ, ಸಲಾಂ ಹೇಳಿ ಬರುತ್ತಿದ್ದೆ. ಆ ದಿನಗಳಲ್ಲಿ ಎರಡು ಸಲ ಸಹಿ ಹಾಕಿಬಿಡೋಣ ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದ್ದೇನೆ. ಇಲ್ಲ ಎಂದದ್ದು ಸರಿ ಎಂದು ಬುದ್ಧಿಗೆ ಗೊತ್ತಿದ್ದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಸಂಬಂಧ ಉಳಿಯುತ್ತದೆ ಎಂದು ಯಾರೂ ಖಾತರಿ ಕೊಡಲಾರರು. ನನ್ನ ಕಡೆಯಿಂದ ಬಾಗಿಲು ಹಾಕದಿರುವುದಷ್ಟೇ ನನ್ನ ಕೈಯಲ್ಲಿತ್ತು.

ಬಕ್ರೀದಿನ ಮಧ್ಯಾಹ್ನ ಆಟೋದ ಶಬ್ದ ಕೇಳಿಸಿತು. ಖಾಲಾ ಕಳಿಸಿದ ಮಾಂಸದ ಚೀಲ ಹಿಡಿದು ತಮ್ಮ ಬಾಗಿಲಲ್ಲಿ ನಿಂತಿದ್ದ. "ಭಾಭಿ ಎಲ್ಲಿ?" ಎಂದು ಒಳಗೆ ಬಂದ. ಆ ಪತ್ತಿನ ಸಂಘದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟವಾದ ಮೇಲೆ ಜೇಬಿನಿಂದ 2,000 ತೆಗೆದು, "ಎರಡು ತಿಂಗಳದ್ದು. ಇನ್ನೆರಡು ತಿಂಗಳದ್ದು ಆಗಲಿಲ್ಲ" ಎಂದ. ಹಾಳೆ ತೆಗೆದು ಅವನ ಮುಂದೆಯೇ ಬರೆದೆ.

ಇದುವರೆಗೆ 18,000ದಲ್ಲಿ 11,000 ಬಂದಿದೆ. ಕೆಲವು ತಿಂಗಳು ತಪ್ಪುತ್ತದೆ. ಒಂದು ಸಂಘದ ಸಾಲ ಮುಗಿದಿದೆ, ಇನ್ನೊಂದು ನಡೆಯುತ್ತಿದೆ. ಅವನು ಈಗಲೂ ಸಾಲ ಕೇಳುತ್ತಾನೆ, ವರ್ಷಕ್ಕೆ ಹನ್ನೊಂದು ಸಲ ಕೇಳುತ್ತಿದ್ದವನು ಈಗ ಎರಡು ಸಲ. ಹೋದ ತಿಂಗಳೂ ಕೇಳಿದ. ನಮ್ಮ ನಡುಮನೆಯಲ್ಲೇ ಕುಳಿತು, "ಭಾಯಿ, ಐದು ಸಾವಿರ..." ಎಂದು ಶುರುಮಾಡಿದ. "ಇಲ್ಲ ಕಣೋ" ಎಂದೆ. "ಗೊತ್ತಿತ್ತು, ಆದರೂ ಕೇಳಿದೆ" ಎಂದು ನಕ್ಕ. ಅಷ್ಟರಲ್ಲಿ ಪತ್ನಿ ಚಹಾ ತಂದಳು. ಈ ಸಲ ಅವನು ಕುಡಿದು ಹೋದ.